ಬೀರೂರಿನ ನಡುರಾತ್ರಿ ರೈಲು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ - ನಮ್ಮ ಈ ಮೂರು ತಾಲ್ಲೂಕುಗಳ ಮಕ್ಕಳಿಗೆ ರೈಲು ಎಂದರೆ ದೂರದ ನೆಂಟ. ಮೂರರಲ್ಲಿ ಒಂದರಲ್ಲೂ ಸ್ಟೇಷನ್ ಇಲ್ಲ. ಹಿಂದೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಒಂದು ಪುಟ್ಟ ಟ್ರಾಮ್ ರೈಲು ಬರುತ್ತಿತ್ತು. ಯೆಡೇಹಳ್ಳಿ ಎಂಬ ಊರಿಗೆ ಯುವರಾಜ ನರಸಿಂಹರಾಜ ಒಡೆಯರ ಹೆಸರು ಬಂದದ್ದೂ ಆ ಕಾಲದಲ್ಲೇ, 1915ರಲ್ಲಿ. ಊರಿಗೆ ಹೆಸರು ಉಳಿಯಿತು, ರೈಲು ಉಳಿಯಲಿಲ್ಲ. ಹಾಗಾಗಿ ನಮ್ಮ ರೈಲು ಪ್ರಯಾಣದ ಲೆಕ್ಕ ಬಸ್ಸಿನಿಂದಲೇ ಶುರುವಾಗಬೇಕು.

2025ರ ಬೇಸಿಗೆ ರಜೆಯಲ್ಲಿ ನಾವು ಆರು ಜನ ಮಹಾರಾಷ್ಟ್ರದ ಮೀರಜಿಗೆ, ನನ್ನ ತಂಗಿಯ ಮನೆಗೆ ಹೋಗಿಬಂದೆವು. ನಾನು, ನಮ್ಮ ಮನೆಯವರು, ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗಳು, ನಾಲ್ಕು ವರ್ಷದ ಮೊಮ್ಮಗ. ಬೆಂಗಳೂರಿನಿಂದ ರಾತ್ರಿ ಹನ್ನೊಂದರ ಸುಮಾರಿಗೆ ಹೊರಡುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ನಡುರಾತ್ರಿ ಎರಡು-ಮೂರರ ನಡುವೆ ಬೀರೂರಿಗೆ ಬಂದು, ಮಾರನೇ ದಿನ ಊಟದ ಹೊತ್ತಿಗೆ ಮೀರಜ್ ಮುಟ್ಟಿಸುತ್ತದೆ. ಹತ್ತಿರ ಹತ್ತಿರ 535 ಕಿಲೋಮೀಟರ್. ಸ್ಲೀಪರಿನಲ್ಲಿ ತಲೆಗೆ ಮುನ್ನೂರು ಚಿಲ್ಲರೆ ರೂಪಾಯಿ. ಲೆಕ್ಕ ಸುಲಭವಾಗಲೆಂದು ನಾನು 320 ಎಂದೇ ಬರೆದುಕೊಂಡಿದ್ದೆ.

ನಡುರಾತ್ರಿಯ ರೈಲಿನಲ್ಲಿ ಮೊದಲು ನೋಡಬೇಕಾದದ್ದು ದುಡ್ಡಲ್ಲ, ತಾರೀಕು. ಇದನ್ನು ನಾನು ಪೆಟ್ಟು ತಿಂದು ಕಲಿತವನು. ಬ್ಯಾಂಕಿನಲ್ಲಿದ್ದಾಗ ಒಂದು ಸಲ ಹುಬ್ಬಳ್ಳಿಗೆ ಹೊರಟಿದ್ದೆ. 12ನೇ ತಾರೀಕು ಸಂಜೆ ಮನೆ ಬಿಡುವುದು, ಆದ್ದರಿಂದ ಅರ್ಜಿಯಲ್ಲಿ 12 ಎಂದೇ ಬರೆದೆ. ರಾತ್ರಿ ರೈಲು ಬಂತು, ಹತ್ತಿ ನನ್ನ ಬರ್ತಿಗೆ ಹೋದರೆ ಅಲ್ಲಿ ಯಾರೋ ಗೊರಕೆ ಹೊಡೆಯುತ್ತಿದ್ದರು. ಟಿಕೆಟ್ ನೋಡಿದ ಟಿ.ಟಿ. ಸಾಹೇಬರು, "ಯಜಮಾನ್ರೇ, ನಿಮ್ಮ ರೈಲು ನಿನ್ನೇನೇ ಹೋಯ್ತಲ್ಲ" ಎಂದರು. ಗಡಿಯಾರ ಹನ್ನೆರಡು ದಾಟಿದರೆ ತಾರೀಕು 13. ನಾನು 12 ಎಂದು ಬರೆದ ರೈಲು ಹಿಂದಿನ ರಾತ್ರಿಯೇ ಬೀರೂರು ದಾಟಿತ್ತು. ದಿನವಿಡೀ ಪರರ ಚೆಕ್ಕಿನ ತಾರೀಕು ನೋಡುತ್ತಿದ್ದ ಗುಮಾಸ್ತನಿಗೆ ತನ್ನ ಟಿಕೆಟಿನದು ಕಾಣಲಿಲ್ಲ!

ಈ ಸಲ ನಾವು ಮನೆ ಬಿಡುವುದು ಏಪ್ರಿಲ್ 19ರ ಸಂಜೆ. ಟಿಕೆಟಿನಲ್ಲಿ ಬೀರೂರಿನಿಂದ ಏಪ್ರಿಲ್ 20. ಮೊಮ್ಮಗಳಿಗೆ ಹೀಗೆ ಹೇಳಿಕೊಟ್ಟೆ: "ರೈಲು ಬರುವ ಹೊತ್ತಿಗೆ ಗೋಡೆಯ ಕ್ಯಾಲೆಂಡರಿನ ಹಾಳೆ ಹರಿಯಬೇಕಾ? ಹಾಗಾದರೆ ಹರಿದ ಮೇಲಿನ ತಾರೀಕು ಬರಿ." ಬೆಂಗಳೂರಿನಿಂದಲೇ ಹತ್ತುವವರ ಟಿಕೆಟಿನಲ್ಲಿ ಅದೇ ರೈಲಿಗೆ 19 ಎಂದಿರುತ್ತದೆ, ಅದನ್ನು ನೋಡಿ ಗಲಿಬಿಲಿಯಾಗಬಾರದು.

ಇದರಲ್ಲಿ ಇನ್ನೊಂದು ಗಂಟಿದೆ. ಮುಂಗಡ ಬುಕಿಂಗ್ ಈಗ 60 ದಿನ ಮೊದಲು ಶುರು. 2024ರ ನವೆಂಬರಿಗೆ ಮುಂಚೆ 120 ದಿನವಿತ್ತು. ಆದರೆ ಈ 60 ದಿನವನ್ನು ಎಣಿಸುವುದು ರೈಲು ತನ್ನ ಮೊದಲ ಸ್ಟೇಷನ್ ಬಿಡುವ ದಿನದಿಂದ, ನಾವು ಹತ್ತುವ ದಿನದಿಂದ ಅಲ್ಲ. ನಮ್ಮ ರೈಲು ಬೆಂಗಳೂರು ಬಿಡುವುದು 19ಕ್ಕೆ. ಹಿಂದಕ್ಕೆ 60 ದಿನ ಎಣಿಸಿದರೆ ಫೆಬ್ರವರಿ 18. ನಾವು 20ರಿಂದ ಎಣಿಸಿ 19ಕ್ಕೆ ಕೂತಿದ್ದರೆ ಒಂದು ಪೂರ್ತಿ ದಿನ ಹಿಂದೆ ಬೀಳುತ್ತಿದ್ದೆವು. ರಜೆಯ ಶನಿವಾರ-ಭಾನುವಾರದ ರೈಲಿಗೆ ಆ ಒಂದು ದಿನ ದೊಡ್ಡದು. ಬೆಳಿಗ್ಗೆ ಎಂಟಕ್ಕೆ ಬುಕಿಂಗ್ ತೆರೆಯುತ್ತದೆ. ನಮ್ಮ ಮನೆಯೊಳಗೆ ಸಿಗ್ನಲ್ ಸಿಗದ ಕಾರಣ ಮಗ ಏಳೂಮುಕ್ಕಾಲಿಗೇ ಫೋನ್ ಹಿಡಿದು ಅಡಿಕೆ ಒಣಗಿಸುವ ಅಂಗಳದ ಮೂಲೆಯಲ್ಲಿ ನಿಂತಿದ್ದ.

ಆಗ ಅವನು ಎಲ್ಲರ ಹೆಸರನ್ನೂ ಒಂದೇ ಟಿಕೆಟಿಗೆ ತುಂಬಲು ಹೊರಟಿದ್ದ. ನಾನು ತಡೆದೆ. ಅಜ್ಜ-ಅಜ್ಜಿಯರು ಈ ಮಾತನ್ನು ಗಮನಿಸಬೇಕು. ನಮಗಿದ್ದ ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತುಹೋಯಿತು. ಗಂಡಸರಿಗೆ ನೂರಕ್ಕೆ 40, ಹೆಂಗಸರಿಗೆ 50 ಬಿಡುತ್ತಿದ್ದರು. ಉಳಿದಿರುವುದು ಕೆಳಗಿನ ಬರ್ತಿನ ಮೀಸಲು ಮಾತ್ರ. 60 ತುಂಬಿದ ಗಂಡಸರಿಗೆ, 45 ತುಂಬಿದ ಹೆಂಗಸರಿಗೆ ಕೆಲವು ಲೋವರ್ ಬರ್ತ್ ತೆಗೆದಿಟ್ಟಿರುತ್ತಾರೆ. ಆದರೆ ಟಿಕೆಟಿನಲ್ಲಿ ಅಂಥವರು ಒಬ್ಬರೋ ಇಬ್ಬರೋ ಮಾತ್ರ ಇರಬೇಕು. ಜೊತೆಗೆ ಮಗನ ಹೆಸರು ಸೇರಿತೋ, ಆ ಮೀಸಲು ಸಿಗುವುದಿಲ್ಲ. ಮಗನ ಜೊತೆಯಲ್ಲಿ ಹೋಗುವ ಪ್ರೀತಿಗೆ ಮುದುಕರು ಮೇಲಿನ ಬರ್ತ್ ಹತ್ತಬೇಕಾಗುತ್ತದೆ.

ಆದ್ದರಿಂದ ನಮ್ಮಿಬ್ಬರದು ಒಂದು ಟಿಕೆಟ್, ಅವರದು ಇನ್ನೊಂದು. ಎರಡನೇ ಟಿಕೆಟಿಗೆ ತಗಲುವ ಹೆಚ್ಚಿನ ಸೇವಾ ಶುಲ್ಕ, ಯು.ಪಿ.ಐ.ನಲ್ಲಿ ಕೊಟ್ಟರೆ, ಸ್ಲೀಪರಿಗೆ 10 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ., ಒಟ್ಟು 11 ರೂಪಾಯಿ 80 ಪೈಸೆ. ಇದಕ್ಕೊಂದು ಕೊರತೆಯೂ ಇದೆ: ಎರಡು ಟಿಕೆಟ್ ಒಂದೇ ಬೋಗಿಯಲ್ಲಿ ಬರುತ್ತದೆಂಬ ಖಾತ್ರಿಯಿಲ್ಲ. ನಮಗೆ ಬಂದದ್ದು ಬೇರೆ ಬೇರೆ ಬೋಗಿ. ಬುತ್ತಿಯನ್ನು ಹಿಂದಿನ ದಿನವೇ ಎರಡು ಪಾಲು ಮಾಡಿ ಕಟ್ಟಿದ್ದರಿಂದ ಬಚಾವಾದೆವು. ನೀರಿನ ಬಾಟಲಿ ಮಾತ್ರ ಅವರ ಕಡೆಯೇ ಉಳಿದು, ನಾನು ದುಡ್ಡು ಕೊಟ್ಟು ಬೇರೆ ಕೊಂಡೆ. ಆ 15 ರೂಪಾಯಿಯನ್ನೂ ಪುಸ್ತಕದಲ್ಲಿ ಬರೆದಿದ್ದೇನೆ.

ಇನ್ನು ಮಕ್ಕಳ ಟಿಕೆಟ್. ಐದು ವರ್ಷ ತುಂಬದ ಮಗುವಿಗೆ ಬರ್ತ್ ಬೇಡವೆಂದರೆ ಟಿಕೆಟೇ ಬೇಡ. ಮೊಮ್ಮಗ ತಾಯಿಯ ಪಕ್ಕದಲ್ಲಿ ಮಲಗಿದ. ಐದರಿಂದ ಹನ್ನೆರಡರೊಳಗಿನವರಿಗೆ ಎರಡು ದಾರಿ: ಬರ್ತ್ ಬೇಕೆಂದರೆ ದೊಡ್ಡವರಷ್ಟೇ ಪೂರ್ತಿ ಹಣ, ಬೇಡವೆಂದರೆ ಅರ್ಧ. 2016ರ ಏಪ್ರಿಲಿಗೆ ಮುಂಚೆ ಅರ್ಧಕ್ಕೇ ಬರ್ತ್ ಸಿಗುತ್ತಿತ್ತು. ಎಷ್ಟೋ ಅಜ್ಜಂದಿರು ಈಗಲೂ ಅದನ್ನೇ ನಂಬಿಕೊಂಡು "ಹಾಫ್ ಟಿಕೆಟ್ ತೆಗೆಸು" ಎನ್ನುತ್ತಾರೆ, ಆಮೇಲೆ ಮಗುವಿಗೆ ಬರ್ತ್ ನಂಬರ್ ಇಲ್ಲವೆಂದು ರೈಲಿನಲ್ಲಿ ಜಗಳ ತೆಗೆಯುತ್ತಾರೆ.

ಮೊಮ್ಮಗಳನ್ನೇ ಕೇಳಿದೆ, ನಿನಗೆ ಏನು ಮಾಡೋಣ ಎಂದು. ಅವಳು ಬೆರಳೆಣಿಸಿ, "ಹೋಗುವಾಗ ಎರಡೂವರೆಗೆ ಹತ್ತಿದರೆ ಆರಕ್ಕೆ ಬೆಳಕಾಯ್ತು. ಮೂರೂವರೆ ಗಂಟೆಗೆ ಬರ್ತ್ ಯಾಕಜ್ಜಾ? ನಾನು ಅಪ್ಪನ ಕಾಲಬುಡದಲ್ಲಿ ಮಲಗ್ತೇನೆ. ಬರುವಾಗ ಬೇಕು" ಎಂದಳು. ಬರುವ ರೈಲು ಮಧ್ಯಾಹ್ನದ ಮೇಲೆ ಮೀರಜ್ ಬಿಟ್ಟು ನಡುರಾತ್ರಿ ಬೀರೂರಿಗೆ ಬರುತ್ತದೆ. ಊಟ ಮಾಡಿ ಮಲಗಿದರೆ ನಾಲ್ಕೈದು ಗಂಟೆ ನಿದ್ದೆ, ಮೇಲಾಗಿ ದಿನವಿಡೀ ಕೂತ ದಣಿವು. ಅವಳ ಮಾತೇ ಸರಿ ಎಂದು ಹೋಗುವಾಗ ಅರ್ಧ, ಬರುವಾಗ ಪೂರ್ತಿ ತೆಗೆದೆವು. ಅಪ್ಪನಿಗೆ ಮಾತ್ರ ಆ ಮೂರೂವರೆ ಗಂಟೆ ನಿದ್ದೆಯಿಲ್ಲ.

ಲೆಕ್ಕ ಹೀಗೆ ಬಂತು. ಹೋಗುವಾಗ ನಾಲ್ವರಿಗೆ 1,280, ಅರ್ಧ ಟಿಕೆಟಿಗೆ 170 ಎಂದು ಹಿಡಿದರೆ 1,450. ಬರುವಾಗ ಐವರಿಗೆ 1,600. ನಾಲ್ಕು ಟಿಕೆಟಿನ ಶುಲ್ಕ 47 ರೂಪಾಯಿ 20 ಪೈಸೆ. ಅಂದರೆ ಆರು ಜನರ ರೈಲು ಖರ್ಚು ಎರಡೂ ಕಡೆ ಸೇರಿ 3,100ರ ಒಳಗೆ.

ಬಸ್ಸಿನಲ್ಲೂ ಸ್ವಲ್ಪ ಉಳಿಯಿತು. ಶಕ್ತಿ ಯೋಜನೆಯಲ್ಲಿ ಮನೆಯವರಿಗೆ, ಸೊಸೆಗೆ, ಮೊಮ್ಮಗಳಿಗೆ ಶೂನ್ಯ ಟಿಕೆಟ್, ಆಧಾರ್ ತೋರಿಸಿದರಾಯಿತು. ಆದರೆ ನಮ್ಮ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅದರಲ್ಲಿ ಶಕ್ತಿ ನಡೆಯುವುದಿಲ್ಲ. ಹಾಗಾಗಿ ಸರ್ಕಾರಿ ಬಸ್ಸಿನ ಹೊತ್ತನ್ನು ಮೊದಲೇ ವಿಚಾರಿಸಿ, ಅದಕ್ಕೆ ಸರಿಯಾಗಿ ಮನೆ ಬಿಟ್ಟು, ಚಿಕ್ಕಮಗಳೂರು ಕಡೂರಿನ ಮೇಲೆ ಬೀರೂರು ಸೇರಿದೆವು. ನಾಲ್ಕೈದು ಗಂಟೆ ಸ್ಟೇಷನ್ನಿನಲ್ಲಿ ಕಾದದ್ದು ನಿಜ. ಕೊನೆಯ ಬಸ್ಸು ನಂಬಿ ರೈಲು ತಪ್ಪಿಸಿಕೊಳ್ಳುವುದಕ್ಕಿಂತ ಅದು ವಾಸಿ.

ಬರುವಾಗ ಇನ್ನೊಂದು ಹೆದರಿಕೆ: ನಿದ್ದೆ ಹತ್ತಿ ಬೀರೂರು ದಾಟಿಹೋದರೆ ಕಣ್ಣು ಬಿಡುವುದು ಬೆಂಗಳೂರಿನಲ್ಲಿ. ರೈಲ್ವೆಯ 139ಕ್ಕೆ ಫೋನ್ ಮಾಡಿ ಟಿಕೆಟಿನ ಪಿ.ಎನ್.ಆರ್. ನಂಬರ್ ಕೊಟ್ಟು, ಇಳಿಯುವ ಊರಿನ ಎಚ್ಚರಿಕೆ ಕರೆ ಕೇಳಿಕೊಳ್ಳಬಹುದು. ಮಗ ಅದನ್ನೂ ಮಾಡಿದ್ದ, ಫೋನಿನಲ್ಲಿ ಅಲಾರಾಂ ಸಹ ಇಟ್ಟಿದ್ದ. ಎರಡಕ್ಕೂ ಮೊದಲೇ ನಮ್ಮ ಮನೆಯವರು ಎದ್ದು ಕೂತು, ಚೀಲಗಳನ್ನು ಎಣಿಸಿ, ನಮ್ಮ ಬೋಗಿಯಿಂದ ಮಗನ ಬೋಗಿಯವರೆಗೆ ನಡೆದು ಎಲ್ಲರನ್ನೂ ಎಬ್ಬಿಸಿಯಾಗಿತ್ತು. ಬೀರೂರಿನಲ್ಲಿ ಇಳಿದು ಬೆಳಗಿನ ಮೊದಲ ಬಸ್ಸಿಗೆ ಕಾಯುತ್ತಾ ಉಳಿದ ಚಪಾತಿ ಮುಗಿಸಿದೆವು.