ಸೆಷನ್ ಮುಗಿಯಿತು, ಸೀಟು ಏನಾಯಿತು?

ತಂದೆಯವರ ತಿಥಿ ಧಾರವಾಡದಲ್ಲಿ. ಹಿಂದಿನ ರಾತ್ರಿ ಪುಣೆಯಲ್ಲಿ ಬಸ್ಸು ಹತ್ತಿದರೆ ಮಾತ್ರ ನಾವು ಹೊತ್ತಿಗೆ ಸರಿಯಾಗಿ ಮನೆ ಸೇರಬಹುದು. ಹೊರಡುವುದಕ್ಕೆ ಎರಡು ದಿನ ಮೊದಲು, ರಾತ್ರಿ 10.12ಕ್ಕೆ, ಖಾಸಗಿ ಜಾಲತಾಣವೊಂದರಲ್ಲಿ ನಾವು ದಂಪತಿಗಳು ಎರಡು ಸ್ಲೀಪರ್ ಸೀಟುಗಳನ್ನು ಆರಿಸಿ, ಯುಪಿಐ ಮೂಲಕ 2,900 ರೂಪಾಯಿ ಪಾವತಿಸಿದೆವು. ಹಣ ಕಡಿತವಾಯಿತೆಂದು ಬ್ಯಾಂಕಿನ ಸಂದೇಶ ಬಂದಿತು. ಜಾಲತಾಣದ ಪುಟವಾದರೋ ಕೆಲಕಾಲ ಚಕ್ರ ತಿರುಗಿಸಿ, ಕೊನೆಗೆ "Session Expired" ಎಂದು ಕೈತೊಳೆದುಕೊಂಡಿತು.

ಮತ್ತೆ ಲಾಗಿನ್ ಆಗಿ ನಮ್ಮ ಬುಕಿಂಗ್‌ಗಳ ಪಟ್ಟಿ ತೆರೆದರೆ ಅದು ಬರಿದು. ಸೀಟುಗಳ ನಕ್ಷೆಯಲ್ಲಿ ನಾವು ಆರಿಸಿದ ಎರಡೂ ಸೀಟುಗಳು ಭರ್ತಿಯಾಗಿದ್ದವು. ಬೇರೆ ಯಾರೋ ಪಡೆದರೆಂದು ಹೆದರಿದೆವು. ಉಳಿದಿದ್ದ ಸೀಟುಗಳೂ ಕರಗುತ್ತಿದ್ದವು. 10.25ಕ್ಕೆ ಅದೇ ಬಸ್ಸಿನಲ್ಲಿ ಬೇರೆ ಎರಡು ಸೀಟುಗಳಿಗೆ ಮತ್ತೆ 2,900 ರೂಪಾಯಿ ತೆತ್ತೆವು. ಹನ್ನೊಂದು ಗಂಟೆಯ ಹೊತ್ತಿಗೆ ಇಮೇಲಿನಲ್ಲಿ ಎರಡೂ ಟಿಕೆಟ್‌ಗಳು ಬಂದು ಕುಳಿತಿದ್ದವು! ಒಂದನ್ನು ರದ್ದುಪಡಿಸಿದಾಗ ನಿಯಮದಂತೆ 725 ರೂಪಾಯಿ ಮುರಿದುಕೊಂಡರು. ದೂರಿಗೆ ಬಂದ ಉತ್ತರ: "ನೀವೇ ಎರಡು ಸಲ ಬುಕ್ ಮಾಡಿದ್ದೀರಿ."

ನಮ್ಮ ತಕರಾರು ಆ 725 ರೂಪಾಯಿಯ ಬಗ್ಗೆ ಅಲ್ಲ, ಈ ಉತ್ತರದ ಬಗ್ಗೆ. ನಾವು ಕೇಳಿದ್ದು ಸೀಟಿನ ಸುದ್ದಿ. ಪುಟ ಹೇಳಿದ್ದು ಸೆಷನ್ನಿನ ಸುದ್ದಿ. ಸೆಷನ್ ಎಂದರೆ ಜಾಲತಾಣ ನಮ್ಮ ಬ್ರೌಸರನ್ನು ಗುರುತಿಸಲು ಕೊಟ್ಟ ಒಂದು ತಾತ್ಕಾಲಿಕ ಚೀಟಿ. ಹಣ ಕಟ್ಟಲು ಬೇರೆ ಆ್ಯಪಿಗೆ ಹೋಗಿ ಹಿಂದಿರುಗುವಷ್ಟರಲ್ಲಿ ಅದರ ಅವಧಿ ತೀರಬಹುದು, ಅಥವಾ ದಾರಿಯಲ್ಲಿ ಕಳೆದೇ ಹೋಗಬಹುದು. ಆದರೆ ಹಣ ಬಂದ ಸುದ್ದಿ ನಮ್ಮ ಬ್ರೌಸರಿನ ಬೆನ್ನೇರಿ ಮಾತ್ರ ಬರುವುದಿಲ್ಲ. ಪಾವತಿಯನ್ನು ನಿರ್ವಹಿಸುವ ಗೇಟ್‌ವೇ ಅದನ್ನು ಜಾಲತಾಣದ ಸರ್ವರಿಗೆ ನೇರವಾಗಿಯೂ ತಿಳಿಸುತ್ತದೆ. ತಿಳಿಸುವುದು ತಡವಾದರೆ, ಆರ್ಡರ್ ಸಂಖ್ಯೆ ಹಿಡಿದು ಜಾಲತಾಣವೇ ಗೇಟ್‌ವೇಯನ್ನು ವಿಚಾರಿಸಬಹುದು. ಆದ್ದರಿಂದ ಚೀಟಿ ಹರಿದ ಮಾತ್ರಕ್ಕೆ ಟಿಕೆಟ್ ಹರಿಯಿತೆಂದು ಅರ್ಥವಲ್ಲ, ಆಯಿತೆಂದೂ ಅಲ್ಲ.

ಭದ್ರತೆಗಾಗಿ ಸೆಷನ್ ಮುಗಿಸಲೇಬೇಕೆಂಬ ಸಮರ್ಥನೆಯನ್ನು ನಾವು ಒಪ್ಪುತ್ತೇವೆ. ಬಾಗಿಲು ಮುಚ್ಚಲಿ, ಆದರೆ ರಸೀದಿ ಕೊಟ್ಟು ಮುಚ್ಚಲಿ. ನಾವು ಕೆಲಸ ಮಾಡುವ ಕೇಂದ್ರ ಸರಕಾರದ ಕಚೇರಿಯನ್ನು ವಿಳಂಬಕ್ಕಾಗಿ ಬೈಯದವರಿಲ್ಲ. ಅಲ್ಲಿಯೂ ಅರ್ಜಿ ಪಡೆದ ಗುಮಾಸ್ತ ಮೊದಲು ಡೈರಿ ನಂಬರ್ ಹಾಕಿಕೊಡುತ್ತಾನೆ. ಫೈಲು ಎಲ್ಲಿದೆಯೆಂದು ಕೇಳಲು ಅರ್ಜಿದಾರನಿಗೆ ಅಷ್ಟಾದರೂ ಆಧಾರವಿರುತ್ತದೆ. ಹಣ ಕಟ್ಟಲು ಕಳುಹಿಸುವ ಮುನ್ನವೇ ಜಾಲತಾಣ ಒಂದು ಆರ್ಡರ್ ಸಂಖ್ಯೆಯನ್ನು ತೋರಿಸಬೇಕು. ಆ ಸಂಖ್ಯೆ ಮತ್ತು ಮೊಬೈಲ್ ನಂಬರ್ ಕೊಟ್ಟವರಿಗೆ, "ಹಣ ಬಂದಿದೆ, ಸೀಟು ಖಚಿತವಾಗುತ್ತಿದೆ, ಮತ್ತೆ ಬುಕ್ ಮಾಡಬೇಡಿ" ಎಂಬ ಒಂದು ಸಾಲನ್ನಾದರೂ ಹೇಳಬೇಕು. ಅದನ್ನು ಹೇಳದೆ, ಎರಡನೆಯ ಬುಕಿಂಗಿನ ರದ್ದತಿ ಶುಲ್ಕವನ್ನು ಪ್ರಯಾಣಿಕನಿಂದ ವಸೂಲು ಮಾಡುವುದು ತನ್ನ ಮೌನಕ್ಕೆ ಬಾಡಿಗೆ ಪಡೆದಂತೆ.

ರಿಸರ್ವ್ ಬ್ಯಾಂಕಿನ ನಿಯಮವಿದೆಯಲ್ಲ ಎನ್ನುವವರಿದ್ದಾರೆ. 2019ರ ಸೆಪ್ಟೆಂಬರಿನ ಸುತ್ತೋಲೆಯ ಪ್ರಕಾರ, ಯುಪಿಐ ಮೂಲಕ ವ್ಯಾಪಾರಿಗೆ ಹಣ ಕಟ್ಟಿ, ನಮ್ಮ ಖಾತೆಯಲ್ಲಿ ಕಡಿತವಾಗಿಯೂ ವ್ಯಾಪಾರಿಗೆ ದೃಢೀಕರಣ ತಲುಪದಿದ್ದರೆ, ವಹಿವಾಟಿನ ದಿನದ ನಂತರ ಐದು ದಿನಗಳೊಳಗೆ ಹಣ ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಒಳ್ಳೆಯ ನಿಯಮವೇ. ಆದರೆ ಅದು ಕಾಯುವುದು ಹಣವನ್ನು, ಸೀಟನ್ನಲ್ಲ. ನಮ್ಮ ಪ್ರಕರಣದಲ್ಲಿ ದೃಢೀಕರಣ ತಲುಪಿತ್ತು, ಟಿಕೆಟ್ ಆಗಿತ್ತು, ನಮಗೆ ಹೇಳುವವರಿರಲಿಲ್ಲ. ಆ ಕೊರತೆಗೆ ಈ ನಿಯಮದಲ್ಲಿ ಮದ್ದಿಲ್ಲ. ಐದು ದಿನ ಕಾಯುವ ಹೊತ್ತಿಗೆ ತಿಥಿಯೂ ಕಳೆದಿರುತ್ತದೆ.

ಅಲ್ಲಿಯವರೆಗೆ ನಮಗೆ ನಾವೇ ಗತಿ. ಪಾವತಿಸುವಾಗ ಹಿಂದಕ್ಕೆ ಹೋಗುವ ಗುಂಡಿಯನ್ನಾಗಲಿ ರಿಫ್ರೆಶ್ ಅನ್ನಾಗಲಿ ಒತ್ತಬಾರದು. ಸೀಟು ಭರ್ತಿಯೆಂದು ಕಂಡೊಡನೆ ನಿರ್ಣಯಕ್ಕೂ ಬರಬಾರದು, ಏಕೆಂದರೆ ಹಣ ಕಟ್ಟುವವರಿಗಾಗಿ ಸೀಟನ್ನು ಕೆಲವು ನಿಮಿಷ ತಡೆದಿಡುತ್ತಾರೆ. ಅದು ನಮಗಾಗಿಯೇ ತಡೆದದ್ದಿರಬಹುದು. ಸ್ವಲ್ಪ ಹೊತ್ತಿನ ಮೇಲೆ ಆ ಸೀಟು ಮತ್ತೆ ಖಾಲಿ ಕಂಡರೆ ಬುಕಿಂಗ್ ಆಗಿಲ್ಲವೆಂಬ ಬಲವಾದ ಸೂಚನೆ. ಆಗಲೂ ಮತ್ತೆ ಹಣ ತೆರುವ ಮೊದಲು ಬಸ್ಸಿನ ಕಂಪನಿಗೇ ಕರೆ ಮಾಡಿ, ನಮ್ಮ ಮೊಬೈಲ್ ನಂಬರ್ ಅವರ ಪ್ರಯಾಣಿಕರ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಬೇಕು. ಬ್ಯಾಂಕಿನ ಸಂದೇಶ ಹಣ ಹೋಯಿತೆಂಬುದಕ್ಕೆ ಮಾತ್ರ ಸಾಕ್ಷಿ. ಅದರಲ್ಲಿನ 12 ಅಂಕಿಯ ಯುಪಿಐ ಉಲ್ಲೇಖ ಸಂಖ್ಯೆಯನ್ನು ದೂರಿಗಾಗಿ ಬರೆದಿಟ್ಟುಕೊಳ್ಳಬೇಕು.

ನಾವೂ ಅದನ್ನೇ ಬರೆದಿಟ್ಟುಕೊಂಡು ಮತ್ತೊಮ್ಮೆ ದೂರು ಸಲ್ಲಿಸಿದ್ದೇವೆ. ಎರಡು ಸಲ ಬುಕ್ ಮಾಡಿದವರು ನಾವೇ ನಿಜ. ಎರಡನೆಯ ಸಲ ಮಾಡುವಂತೆ ಮಾಡಿದವರು ಯಾರು ಎಂಬುದಷ್ಟೇ ನಮ್ಮ ಪ್ರಶ್ನೆ.