ಬಾಟಾ ಕೊಟ್ಟರೆ ಓಟಿ ಮುಗೀತಾ?

ಡ್ರೈವರ್ ಲೆಕ್ಕ | ಭಾಗ 6

ಕಂಪನಿ ಗಾಡಿ ಓಡಿಸೋರಿಗೆ ತಿಂಗಳ ಕೊನೆಗೆ ಅಡ್ಮಿನ್ ಕಡೆಯಿಂದ ಬರೋ ಮಾತು ಒಂದೇ: "ಬಾಟಾ ಕೊಟ್ಟಿದೀವಲ್ಲ, ಓಟಿ ಅದರಲ್ಲೇ ಸೇರಿದೆ." ಈ ಮಾತನ್ನು ಒಪ್ಕೋಬೇಡಿ. ಬಾಟಾ, ನೈಟ್ ಹಾಲ್ಟ್, ಓಟಿ ಮೂರೂ ಬೇರೆ ಬೇರೆ ದುಡ್ಡು. ಒಂದನ್ನ ಕೊಟ್ಟ ಮಾತ್ರಕ್ಕೆ ಇನ್ನೊಂದು ತೀರೋದಿಲ್ಲ.

ಬಾಟಾ ಅಂದ್ರೆ ಹೊರಗಡೆ ನಿಮ್ಮ ಊಟ-ತಿಂಡಿ ಖರ್ಚು. ನೈಟ್ ಹಾಲ್ಟ್ ಅಂದ್ರೆ ಮನೆ ಬಿಟ್ಟು ಬೇರೆ ಊರಲ್ಲಿ ರಾತ್ರಿ ಉಳಿದಿದ್ದಕ್ಕೆ. ಓಟಿ ಅಂದ್ರೆ ದಿನದ ಡ್ಯೂಟಿ ಮೀರಿ ದುಡಿದ ಗಂಟೆಗೆ ಸಂಬಳ. ಬಾಟಾ, ಹಾಲ್ಟ್ ಎಷ್ಟು ಅನ್ನೋದು ನಿಮ್ಮ ಅಪಾಯಿಂಟ್‌ಮೆಂಟ್ ಆರ್ಡರ್ ಅಥವಾ ಕಂಪನಿ ಸರ್ಕ್ಯುಲರ್‌ನಲ್ಲಿ ಇರುತ್ತೆ. ಇಲ್ಲದಿದ್ರೆ ಬರೆದು ಕೊಡಿ ಅಂತ ಕೇಳಿ. ಓಟಿ ಹಾಗಲ್ಲ, ಅದು ಕಾನೂನಿನ ಮಾತು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ಹೆಚ್ಚುವರಿ ಗಂಟೆಗೆ ಮಾಮೂಲಿ ಸಂಬಳದ ಎರಡು ಪಟ್ಟು ಕೊಡಬೇಕು ಅನ್ನುತ್ತೆ.

ಈಗ ಒಂದು ಲೆಕ್ಕ ಮಾಡೋಣ. ಬೇಸಿಕ್, ಡಿಎ ಸೇರಿ ನಿಮ್ಮ ಸಂಬಳ 20,800 ಅಂತ ಇಟ್ಕೊಳ್ಳಿ. 26 ದಿನಕ್ಕೆ ಭಾಗಿಸಿದ್ರೆ ದಿನಕ್ಕೆ 800. ಆರ್ಡರ್ ಪ್ರಕಾರ ಡ್ಯೂಟಿ 8 ಗಂಟೆ, ಅಂದ್ರೆ ಗಂಟೆಗೆ 100. ಓಟಿ ಗಂಟೆಗೆ 200. ಬಾಟಾ ದಿನಕ್ಕೆ 400, ಹಾಲ್ಟ್ ರಾತ್ರಿಗೆ 300.

ಬೆಂಗಳೂರಿಂದ ಹುಬ್ಬಳ್ಳಿಗೆ ಎರಡು ದಿನದ ಟ್ರಿಪ್. ಮೊದಲ ದಿನ ಬೆಳಗ್ಗೆ 5ಕ್ಕೆ ಶೆಡ್‌ನಿಂದ ಗಾಡಿ ತೆಗೆದ್ರಿ, 6:30ಕ್ಕೆ ಸಾಹೇಬ್ರು ಹತ್ತಿದ್ರು. ಹುಬ್ಬಳ್ಳಿಯಲ್ಲಿ ರಾತ್ರಿ 8ಕ್ಕೆ ಬಿಟ್ಟರು. 15 ಗಂಟೆಯಲ್ಲಿ ಊಟದ 1 ಗಂಟೆ ಕಳೆದ್ರೆ 14, ಓಟಿ 6. ಮಾರನೇ ದಿನ 8ಕ್ಕೆ ಶುರು, ರಾತ್ರಿ 8:30ಕ್ಕೆ ಸಾಹೇಬ್ರನ್ನ ಮನೆಗೆ ಬಿಟ್ಟು 10ಕ್ಕೆ ಶೆಡ್‌ಗೆ ಬಂದ್ರಿ. ಊಟದ ಹೊತ್ತು ಕಳೆದು 13 ಗಂಟೆ, ಓಟಿ 5. ಒಟ್ಟು 11 ಗಂಟೆಗೆ 2,200. ಎರಡು ದಿನದ ಬಾಟಾ 800, ಒಂದು ಹಾಲ್ಟ್ 300. ಬರಬೇಕಾದ್ದು 3,300. (ಇಷ್ಟು ಉದ್ದನೆ ದಿನಕ್ಕೆ ಕಾನೂನಿನಲ್ಲಿ ಮಿತಿ ಇದೆ, ಅದು ಬೇರೆ ಮಾತು. ದುಡಿಸಿಕೊಂಡ ಮೇಲೆ ದುಡ್ಡಂತೂ ಕೊಡಲೇಬೇಕು.)

ಸ್ಲಿಪ್‌ನಲ್ಲಿ ಬಂದಿದ್ದು 2,300. ಸಾವಿರ ಎಲ್ಲಿ ಹೋಯ್ತು? ಎರಡು ಕಡೆ ಹೋಗಿದೆ. "ಎರಡನೇ ದಿನ ವಾಪಸ್ ಬಂದ್ರಲ್ಲ" ಅಂತ ಒಂದು ದಿನದ ಬಾಟಾ 400 ಕಟ್. ಸಾಹೇಬ್ರು ಹತ್ತಿದ ಹೊತ್ತಿಂದ ಇಳಿದ ಹೊತ್ತಿನವರೆಗೆ ಮಾತ್ರ ಡ್ಯೂಟಿ ಅಂತ ಹಿಡಿದು ಶೆಡ್‌ನ 3 ಗಂಟೆ ಬಿಟ್ಟಿದ್ದಾರೆ, ಅದರ 600 ಕಟ್. ಖಾಲಿ ಗಾಡಿ ತಾನಾಗೇ ಶೆಡ್‌ಗೆ ಬರುತ್ತಾ? ಶೆಡ್‌ನಿಂದ ಶೆಡ್‌ವರೆಗೆ ಡ್ಯೂಟಿನೇ.

"ಮೀಟಿಂಗ್ ನಡೀವಾಗ ಗಾಡಿಯಲ್ಲಿ ಮಲಗಿದ್ರಲ್ಲ" ಅಂತಾನೂ ಹೇಳ್ತಾರೆ. ಕೀ ನಿಮ್ಮ ಕೈಯಲ್ಲಿದೆ, ಫೋನ್ ಬಂದ ಕೂಡ್ಲೇ ಗಾಡಿ ಗೇಟಿಗೆ ಬರಬೇಕು. ನಿಮ್ಮ ಕೆಲಸಕ್ಕೆ ನೀವು ಹೋಗೋ ಹಾಗಿಲ್ಲ ಅಂದ್ಮೇಲೆ ಅದು ವಿಶ್ರಾಂತಿ ಹೇಗಾಗುತ್ತೆ? ಕಾಯೋದೂ ಕೆಲಸವೇ. ರಾತ್ರಿ 8ಕ್ಕೆ ಬಿಟ್ಟ ಮೇಲೆ ರೂಮಲ್ಲಿ ಮಲಗಿದ್ದಕ್ಕೆ ಓಟಿ ಕೇಳೋದು ಮಾತ್ರ ಸರಿಯಲ್ಲ, ಅದಕ್ಕೇ ಹಾಲ್ಟ್ ಇರೋದು. ನಮ್ಮ ಲೆಕ್ಕ ನೇರ ಇದ್ರೇನೆ ಕೇಳೋಕೆ ಬಾಯಿ ಬರುತ್ತೆ.

ಪ್ರತಿ ತಿಂಗಳು ಹೀಗೆ ಮಾಡಿ:

1. ಟ್ರಿಪ್ ಶೀಟ್ ಸೈನ್ ಆದ ಕೂಡ್ಲೇ, ಕೊಡೋಕೆ ಮುಂಚೆ ಒಂದು ಫೋಟೋ ತೆಗೀರಿ. ಶೆಡ್ ಬಿಟ್ಟ ಹೊತ್ತು, ಸೇರಿದ ಹೊತ್ತು, ಕಿಲೋಮೀಟರ್ ರೀಡಿಂಗ್ ಕಾಣಬೇಕು.

2. ಸಣ್ಣ ನೋಟ್‌ಬುಕ್‌ನಲ್ಲಿ ದಿನಕ್ಕೊಂದು ಸಾಲು: ತಾರೀಕು, ಶುರು, ಮುಗಿದಿದ್ದು, ಓಟಿ ಗಂಟೆ, ಬಾಟಾ, ಹಾಲ್ಟ್. ರಾತ್ರಿ 12 ದಾಟಿದ್ರೆ ಎರಡೂ ತಾರೀಕು ಬರೀರಿ. ಹೆಚ್ಚಿನ ತಕರಾರು ಅಲ್ಲೇ ಬರೋದು.

3. ಸ್ಲಿಪ್ ಬಂದ ದಿನ ಒಟ್ಟು ಮೊತ್ತ ನೋಡಬೇಡಿ. ಎಷ್ಟು ದಿನದ ಬಾಟಾ, ಎಷ್ಟು ಹಾಲ್ಟ್, ಎಷ್ಟು ಗಂಟೆ ಓಟಿ ಅಂತ ಬೇರೆ ಬೇರೆ ತಾಳೆ ಹಾಕಿ. "ಅದರ್ ಅಲೋವೆನ್ಸ್" ಅಂತ ಒಂದೇ ಸಾಲಲ್ಲಿ ಹಾಕಿದ್ರೆ ಬಿಡಿಸಿ ಕೊಡಿ ಅಂತ ಕೇಳಿ.

4. ವ್ಯತ್ಯಾಸ ಇದ್ರೆ ತಾರೀಕು ಸಮೇತ ವಾಟ್ಸಾಪ್ ಅಥವಾ ಮೇಲ್ ಮಾಡಿ. ಬಾಯಿ ಮಾತಲ್ಲಿ ಕೇಳಿದ್ದಕ್ಕೆ ಸಾಕ್ಷಿ ಇರಲ್ಲ. ಅವರು ಹೊತ್ತು ಒಪ್ಪದಿದ್ರೆ ಟೋಲ್‌ನ ಫಾಸ್ಟ್‌ಟ್ಯಾಗ್ ಎಂಟ್ರಿ, ಡೀಸೆಲ್ ಬಿಲ್, ಪಾರ್ಕಿಂಗ್ ಚೀಟಿ ನೋಡಿ ಅನ್ನಿ. ಮೂರರಲ್ಲೂ ಟೈಮ್ ಇರುತ್ತೆ.

ಏಜೆನ್ಸಿ ಮೂಲಕ ಇರೋರು ಸ್ಲಿಪ್ ಏಜೆನ್ಸಿ ಹತ್ರ ಕೇಳಿ, ಟ್ರಿಪ್ ಶೀಟ್ ಫೋಟೋ ಮಾತ್ರ ನಿಮ್ಮ ಹತ್ರಾನೇ ಇರಲಿ. ಎಷ್ಟು ಬರೆದು ಕೇಳಿದ್ರೂ ಉತ್ತರ ಬರ್ಲಿಲ್ಲ ಅಂದ್ರೆ ಆ ಫೋಟೋ, ನೋಟ್‌ಬುಕ್ ಹಿಡ್ಕೊಂಡು ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಹತ್ರ ಹೋಗಿ.

ನಿಮ್ಮ ಕಂಪನಿಯಲ್ಲಿ ವಾಪಸ್ ಬರೋ ದಿನದ ಬಾಟಾ ಕೊಡ್ತಾರಾ? ಕಂಪನಿ ಹೆಸರು ಬೇಡ, ಕೊಡ್ತಾರೋ ಇಲ್ವೋ ಅಷ್ಟೇ ಕಾಮೆಂಟ್ ಮಾಡಿ.

#ಡ್ರೈವರ್_ಲೆಕ್ಕ #ಬಾಟಾ #ನೈಟ್_ಹಾಲ್ಟ್ #ಓಟಿ