ಹಾಲು ಉಕ್ಕಿಸಿದ ಫೋಟೋದ ಕೆಳಗ ಏನು ಬರೀಬೇಕು?

ಈಗ ಯಾರ ಮನಿ ವಾಸ್ತುಶಾಂತಿ ಆದ್ರೂ ಸಂಜೀ ಹೊತ್ತಿಗೆ ನಮ್ಮ ಮೊಬೈಲಿಗೆ ಎರಡು ಫೋಟೋ ಬಂದೇ ಬರ್ತಾವ. ಒಂದು, ಮಾವಿನ ತೋರಣದ ಕೆಳಗ ನಿಂತ ಗಂಡ ಹೆಂಡತಿದು. ಇನ್ನೊಂದು, ಒಲಿ ಮ್ಯಾಲೆ ಹಾಲು ಉಕ್ಕೂದು. ಕೆಳಗಿನ ಒಕ್ಕಣಿನೂ ಹೆಚ್ಚು ಕಡಿಮಿ ಒಂದೇ. ‘ನಮ್ಮ ಕನಸಿನ ಮನೆ ನನಸಾದ ದಿನ. ಉಕ್ಕುವ ಹಾಲಿನಂತೆ ಸುಖ ಸಮೃದ್ಧಿ ಉಕ್ಕಲಿ. ದೂರದ ಊರುಗಳಿಂದ ಬಂದು ಹರಸಿದ ಎಲ್ಲರಿಗೂ ಧನ್ಯವಾದಗಳು.’

ಇದರಾಗ ಕೆಟ್ಟ ಮಾತು ಒಂದೂ ಇಲ್ಲ. ಆದ್ರ ಇದನ್ನ ಕಿತ್ತುಕೊಂಡು ಹೋಗಿ ಬ್ಯಾರೆ ಯಾರ ಮನಿ ಫೋಟೋದ ಕೆಳಗ ಹಚ್ಚಿದ್ರೂ ನಡೀತದ ನೋಡ್ರಿ, ನನ್ನ ತಕರಾರು ಅಲ್ಲೇ ಅದ. ‘ದೂರದಿಂದ ಬಂದ ಎಲ್ಲರಿಗೂ’ ಅಂದ್ರ ಯಾರಿಗೆ? ರಾತ್ರಿ ಎಲ್ಲಾ ಬಸ್ಸಿನಾಗ ಕೂತು, ಕಾಲು ಬಾಸ್ಕೊಂಡು ಬಂದಾಕಿಗೂ ಅದs ಮಾತು, ಪಕ್ಕದ ಓಣಿಯಿಂದ ಊಟದ ಹೊತ್ತಿಗೆ ಬಂದು ಹೋದವ್ರಿಗೂ ಅದs ಮಾತು.

ಇದನ್ನ ಬರೀಲಿಕ್ಕೆ ಕಾರಣ ನನ್ನ ತಮ್ಮನ ಮನಿ ಫೋಟೋ. ಧಾರವಾಡದಾಗ ಅವನ ಹೊಸಾ ಮನಿ ವಾಸ್ತುಶಾಂತಿ 2025ರ ಅಕ್ಷಯ ತದಿಗಿ ದಿನ ಆತು. ಆವತ್ತು ಏಪ್ರಿಲ್ 30, ಬುಧವಾರ. ಚೈತ್ರಗೌರಿ ಏಳೂ ದಿನಾನೂ ಅದೇ, ಹಿಂಗಾಗಿ ಅರಿಷಿಣ ಕುಂಕುಮದ ಕೋಸಂಬರಿ ಪಾನಕ ಬಿಟ್ಟು ಬರಬೇಕಾತು ಅಂತ ನಾಲ್ಕು ಮಂದಿ ನನ್ನ ಮುಂದನೇ ಅಂದ್ರು. ಇರಲಿ.

ಹಾಲು ಉಕ್ಕಿಸೂ ಮುಹೂರ್ತ ನಸುಕಿನಾಗ. ಅಡಗಿ ಮನ್ಯಾಗ ಹೊಸಾ ಗ್ಯಾಸ್ ಒಲಿಗೆ ಅರಿಷಿಣ ಕುಂಕುಮ ಹಚ್ಚಿ, ಹೂವು ಏರಿಸಿ, ಹೊಸಾ ಸ್ಟೀಲಿನ ಪಾತೇಲಿ ಒಳಗ ಅರ್ಧ ಲೀಟರ್ ಹಾಲು ಹಾಕಿ ಇಟ್ರು. ಪಾತೇಲಿ ಥಳಥಳ ಹೊಳೀತಿತ್ತು ಖರೆ, ಆದ್ರ ಮೂರು ಲೀಟರ್ ಹಿಡಿಯೂ ಅಗಲ ಬಾಯಿದು. ಐದು ಮಂದಿ ಮುತ್ತೈದೇರು ಸುತ್ತ ನಿಂತಾರ, ಹುಡುಗೂರು ಮೊಬೈಲ್ ಹಿಡದಾರ, ಆಚಾರ್ರು ಹೊರಗಿಂದ ‘ಉಕ್ಕಿತೇನ್ರಿ?’ ಅಂತ ಕೇಳಲಿಕತ್ತಾರ. ಹಾಲು ಬುಳುಬುಳು ಅಂತದ, ಒಂದು ಬೆರಳು ಮ್ಯಾಲೆ ಏರ್ತದ, ಮತ್ತ ಇಳೀತದ. ಉಕ್ಕಲೇ ಇಲ್ಲ. ಎಲ್ಲಾರ ಮಾರಿ ಸಣ್ಣ ಆದ್ವು. ‘ಪಾಕೀಟಿನ ಹಾಲು, ಎಲ್ಲಿ ಉಕ್ಕಬೇಕು’ ಅಂತ ಯಾರೋ ಅಂದ್ರು. ಬ್ಯಾರೆ ಯಾರೋ ಅದಕ್ಕಿಂತ ಕೆಟ್ಟದ್ದು ಗೊಣಗಿದ್ರು, ಅದನ್ನ ಇಲ್ಲಿ ಬರಿಯೂದಿಲ್ಲ.

ಅಪಶಕುನ ಅಲ್ಲ, ಪಾತ್ರಿ ಲೆಕ್ಕ ಅದು. ಹಾಲು ಕಾಯ್ತಿದ್ದಾಂಗ ಮ್ಯಾಲೆ ತೆಳ್ಳಗ ಒಂದು ಪದರ ಕಟ್ಟತದ. ಕೆಳಗಿಂದ ಏಳೂ ಉಗಿ ಆ ಪದರ ದಾಟಿ ಹೋಗಲಿಕ್ಕೆ ಆಗದs ನೊರಿ ಆಗಿ ಹಾಲನ್ನ ಮ್ಯಾಲೆ ಎತ್ತತದ. ಬರೇ ನೀರು ಹಿಂಗ ಉಕ್ಕೂದಿಲ್ಲ, ಯಾಕಂದ್ರ ಅದಕ್ಕ ಆ ಪದರ ಇಲ್ಲ. ಅಗಲ ಪಾತೇಲಿ ಒಳಗ ಸ್ವಲ್ಪ ಹಾಲು ಇಟ್ರ ನೊರಿ ಅಗಲಕ್ಕ ಹರಡಿ ಒಡದು ಹೋಗ್ತದ, ಅಂಚಿನ ತನಕ ಬರೂದೇ ಇಲ್ಲ. ಪಾತ್ರಿ ಬಾಯಿ ಸಣ್ಣದಿದ್ದು, ಮುಕ್ಕಾಲಕ್ಕಿಂತ ಹೆಚ್ಚು ಹಾಲು ಇದ್ರ ಪಾಕೀಟಿನ ಹಾಲು ಸುದ್ದಾ ಛಲೋ ಉಕ್ತದ.

ಇದನ್ನ ಆವತ್ತು ಹೇಳಿದಾಕಿ ನಮ್ಮ ಅತ್ಯಾ. ನಮ್ಮ ಅಪ್ಪನ ಅಕ್ಕ, ಎಪ್ಪತ್ತೆಂಟು ವರ್ಷ. ಕಲಬುರಗಿಯಿಂದ ರಾತ್ರಿ ಬಸ್ಸಿಗೆ ಮೊಮ್ಮಗನ್ನ ಜೋಡಿ ಮಾಡ್ಕೊಂಡು ಬಂದಿದ್ಲು. ಅತ್ಯಾನ ಯಜಮಾನ್ರು ತೀರಿಕೊಂಡು ಭಾಳ ವರ್ಷ ಆತು. ಹಿಂಗಾಗಿ ಆಕಿ ತಾನs ಅಡಗಿ ಮನಿ ಬಾಗಲದ ಹೊರಗ ಗ್ವಾಡಿ ಹಿಡ್ಕೊಂಡು ನಿಂತಿದ್ಲು. ಯಾರೂ ‘ಅಲ್ಲೇ ನಿಲ್ಲು’ ಅನ್ನಲಿಲ್ಲ. ‘ಒಳಗ ಬಾ’ ಅಂತನೂ ಅನ್ನಲಿಲ್ಲ.

ಬಾಗಲದಾಗಿಂದನs ಅತ್ಯಾ ಅಂದ್ಲು, ‘ನಮ್ಮವ್ವಾ, ಅಗಲ ಪಾತ್ರ್ಯಾಗ ಎಲ್ಲಿ ಉಕ್ಕಬೇಕು ಅದು? ನನ್ನ ಚೀಲದಾಗ ತಂಬಗಿ ಅದ, ತಗೋರಿ.’ ತಮ್ಮನ ಮನಿಗೆ ಆಹೇರ ಕೊಡಲಿಕ್ಕೆ ಅಂತ ತಂದಿದ್ದ ಹಿತ್ತಾಳಿ ತಂಬಗಿ ಅದು, ನಮ್ಮ ಅಜ್ಜಿ ಅತ್ಯಾನ ಮದವಿಯೊಳಗ ಕೊಟ್ಟದ್ದು. ಒಳಗ ಹೊಸದಾಗಿ ಕಲಾಯಿ ಮಾಡಿಸ್ಕೊಂಡು ಬಂದಿದ್ಲು. ಅದs ಹಾಲು ತಂಬಗಿಗೆ ಸುರದ್ರು, ಕಂಠದ ತನಕ ಬಂತು. ಒಲಿ ಮ್ಯಾಲೆ ಇಟ್ಟು ಸ್ವಲ್ಪ ಹೊತ್ತಿನಾಗ ಭರ್ ಅಂತ ಉಕ್ಕಿ ಸುತ್ತಲೂ ಇಳೀತು. ಮೂಡಣಕ್ಕ ಮೊದಲು ಹರೀತೋ ಬಡಗಣಕ್ಕೋ ಅಂತ ನೋಡೂ ಪುರಸೊತ್ತೂ ಕೊಡಲಿಲ್ಲ. ಎಲ್ಲಾರೂ ಚಪ್ಪಾಳಿ ಹೊಡದ್ರು. ಅತ್ಯಾ ಒಬ್ಬಾಕಿನs ಹೊರಗಿಂದ ಚೀರಿದ್ಲು, ‘ಗ್ಯಾಸ್ ಬಂದ್ ಮಾಡ್ರೆ, ಉರಿ ಆರೇದ!’ ಅಂತ. ಖರೇನ, ಹಾಲು ಬಿದ್ದು ಉರಿ ಆರಿತ್ತು, ಗ್ಯಾಸ್ ಹಂಗs ಬರ್ತಿತ್ತು. ಫೋಟೋದ ಗದ್ದಲದಾಗ ಇದನ್ನ ಎಲ್ಲಾರೂ ಮರೀತಾರ. ಉಕ್ಕೂ ಮುಂದ ಒಬ್ಬರ ಕೈ ಬರೇ ಒಲಿ ಕಿವಿ ಮ್ಯಾಲೇ ಇರಬೇಕು, ಅವರು ಫೋಟೋದಾಗ ನಗಬಾರದು, ಉರಿ ನೋಡಬೇಕು.

ಈಗ ಫೋಟೋಕ್ಕ ಬರ್ತೇನಿ. ನನ್ನ ತಮ್ಮನ ಮಗಳು ಛಲೋ ಹುಡುಗಿ, ಫೋಟೋನೂ ಛಲೋ ತಗದಿದ್ಲು. ನಡಬರಕ ತಂಬಗಿ, ಸುತ್ತ ಹಾಲಿನ ನೊರಿ, ಹಿಂದ ಐದು ಮಂದಿ ಇಳಕಲ್ ಸೀರಿ ಉಟ್ಟು ನಗಲಿಕತ್ತಾರ. ಎಡಕ್ಕ ಬಾಗಲದ ಚೌಕಟ್ಟಿನಾಗ ಒಂದು ತಿಳಿ ನೀಲಿ ಸೀರಿ ಸೆರಗಿನ ತುದಿ ಅಷ್ಟs ಕಾಣಸ್ತದ. ಅದು ಅತ್ಯಾ. ಕೆಳಗ ಬರದಿದ್ಲು: ‘ಐವರು ಮುತ್ತೈದೆಯರ ಕೈಯಿಂದ ಹಾಲು ಉಕ್ಕಿದ ಶುಭ ಗಳಿಗೆ. ದೂರದಿಂದ ಬಂದ ಎಲ್ಲರಿಗೂ ವಂದನೆಗಳು.’

ನಾ ಫೋನ್ ಮಾಡಿ ಕೇಳಿದೆ, ‘ಅಲ್ಲ ಬಾಳಾ, ಹಾಲು ಉಕ್ಕಿದ್ದು ಯಾರ ತಂಬಗಿ ಒಳಗ?’ ಅಂತ. ಆಕಿ ಅಂದ್ಲು, ‘ಅತ್ಯಾ, ಅದು ಶಾಸ್ತ್ರದ ಮಾತು, ಅಜ್ಜಿ ಹೆಸರು ಅದರಾಗ ಹಾಕಿದ್ರ ಯಾರರೆ ಏನರೆ ಅಂದ್ರ? ಅಜ್ಜಿಗೇ ಸೇರಲಿಕ್ಕಿಲ್ಲ.’ ಆಕಿ ಹೇಳೂದೂ ಪೂರಾ ಸುಳ್ಳಲ್ಲ. ನಮ್ಮ ಮನ್ಯಾಗ ಆ ಮಾತು ಅನ್ನಾವ್ರು ಇದ್ದಾರ, ನಿಮ್ಮ ಮನ್ಯಾಗೂ ಇರಬಹುದು.

ಆದ್ರ ನಾ ಹೇಳೂದು ಇಷ್ಟ. ಒಲಿ ಮುಂದ ಯಾರು ನಿಲ್ಲಬೇಕು ಅಂತ ಜಗಳಾ ಮಾಡಲಿಕ್ಕೆ ಆ ನಸುಕಿನಾಗ ಯಾರಿಗೂ ಧೈರ್ಯ ಇರೂದಿಲ್ಲ, ನನಗೂ ಇರಲಿಲ್ಲ. ಫೋಟೋದ ಕೆಳಗ ಬರಿಯೂದು ಮಾತ್ರ ಶಾಸ್ತ್ರ ಅಲ್ಲ. ಅದಕ್ಕ ಮಡಿ ಇಲ್ಲ, ಮುಹೂರ್ತ ಇಲ್ಲ, ಆಚಾರ್ರ ಅಪ್ಪಣಿ ಬೇಕಾಗಿಲ್ಲ. ಅಲ್ಲಿ ಬರಿಯೂದು ಆದದ್ದನ್ನ. ‘ಐವರು ಮುತ್ತೈದೆಯರು’ ಅಂತ ಎಣಿಸಿ ಬರದ್ರ, ಅಲ್ಲೇ ನಿಂತಿದ್ದ ಆರನೇ ಹೆಂಗಸನ್ನ ಎರಡನೇ ಸಲ ಬಾಗಲದ ಹೊರಗ ನಿಲ್ಲಿಸಿದಾಂಗ. ಮೊದಲನೇ ಸಲ ಪದ್ಧತಿ ನಿಲ್ಲಿಸ್ತು, ಎರಡನೇ ಸಲ ನಾವು.

ಇನ್ನ ದೂರದ ಮಾತು. ಆವತ್ತು ಪುಣೆದಿಂದ ನಮ್ಮ ಕಾಕಾನ ಮಕ್ಕಳು ಕಾರಿನಾಗ ಬಂದಿದ್ರು, ಆರಾಮ ಮಲಕೊಂಡು. ನವಲಗುಂದದಿಂದ ತಮ್ಮನ ಅತ್ತಿಯವರು ಬಂದಿದ್ರು. ಊರು ಹತ್ರದ್ದೇ, ಆದ್ರ ಮೊಣಕಾಲು ಆಪರೇಷನ್ ಆಗಿ ಎರಡು ತಿಂಗಳಾಗಿತ್ತು ಅವರಿಗೆ, ಬಸ್ಸಿನ ಮೆಟ್ಟಲ ಒಂದೊಂದಾಗಿ ಏರಿ ಬಂದಾರ. ಯಾರು ದೂರದಿಂದ ಬಂದಾರ ಅಂತ ಕಿಲೋಮೀಟರ್ ಲೆಕ್ಕ ಹಿಡದ್ರ ಅವರು ಬಿಟ್ಟೇ ಹೋಗ್ತಾರ. ಅದಕ್ಕs ಊರಿನ ಹೆಸರು ಬರೀರಿ, ಹೆಂಗ ಬಂದ್ರು ಅಂತ ಒಂದು ಮಾತು ಬರೀರಿ. ಎಲ್ಲಾರದೂ ಬರಿಯೂದು ಆಗೂದಿಲ್ಲ. ಇನ್ನೂರು ಮಂದಿ ಬಂದಲ್ಲಿ ಅದು ಮತದಾರರ ಪಟ್ಟಿ ಆಗ್ತದ. ಹಾಲು ಉಕ್ಕೂ ಹೊತ್ತಿಗೆ ಮನ್ಯಾಗ ಇದ್ದವ್ರದಷ್ಟು ಬರೀರಿ, ಹತ್ತು ಹದಿನೈದು ಮಂದಿ ಆಗ್ತಾರ. ಅಷ್ಟು ನಸುಕಿನಾಗ ಬರಬೇಕಂದ್ರ ಹಿಂದಿನ ದಿನಾನೇ ಮನಿ ಬಿಟ್ಟಿರಬೇಕಲ್ಲ.

ಇನ್ನೊಂದು ಮಾತು. ಬರೇ ‘ಅಜ್ಜಿ’, ‘ಕಾಕು’, ‘ಮೌಶಿ’ ಅಂತ ಬರದು ಬಿಡಬ್ಯಾಡ್ರಿ. ಅತ್ಯಾ ನನಗ ಅತ್ಯಾ, ನನ್ನ ತಮ್ಮನ ಮಗಳಿಗೆ ಅಜ್ಜಿ, ಕಲಬುರಗಿ ಓಣ್ಯಾಗ ಎಲ್ಲಾರಿಗೂ ಕಾಕು. ಇಪ್ಪತ್ತು ವರ್ಷ ಬಿಟ್ಟು ಆ ಫೋಟೋ ನೋಡಾವ್ರಿಗೆ ‘ಅಜ್ಜಿ’ ಅಂದ್ರ ಯಾವ ಅಜ್ಜಿ ಅಂತ ತಿಳಿಬೇಕು? ನಮ್ಮ ಅವ್ವನ ಟ್ರಂಕಿನಾಗ ಅಂಥಾ ಫೋಟೋ ಹತ್ತರೆ ಅವ, ಹಿಂದ ‘ನಾವೆಲ್ಲರೂ, ಬದಾಮಿ’ ಅಂತ ಬರದದ. ಆ ‘ಎಲ್ಲರೂ’ ಯಾರು ಅಂತ ಹೇಳಾವ್ರು ಈಗ ಯಾರೂ ಉಳದಿಲ್ಲ. ಅದಕ್ಕ ಹೆಸರು, ಸಂಬಂಧ, ಊರು, ಮೂರೂ ಇರಲಿ. ಮನಿ ನಂಬರ್, ಅಡ್ಡ ರಸ್ತಾ ಎಲ್ಲಾ ಮಾತ್ರ ಎಲ್ಲಾರೂ ನೋಡೂ ಜಾಗಾದಾಗ ಹಾಕಬ್ಯಾಡ್ರಿ.

ಕಡೀಗೆ ನಾನೂ ಹುಡುಗಿನೂ ಕೂತು ಬರದದ್ದು ಹಿಂಗದ. ನಮ್ಮ ಪ್ರತಿಯೊಳಗ ಹೆಸರು ಅವ, ಹಿರಿಯರಿಗೆ ಇಲ್ಲಿ ಹೆಸರು ಬರೋದು ಸೇರೂದಿಲ್ಲ ಅಂತ ಸಂಬಂಧ ಅಷ್ಟ ಇಟ್ಟೇನಿ.

‘ವಿಶ್ವಾವಸು ಸಂವತ್ಸರ, ಅಕ್ಷಯ ತದಿಗೆ, ಬುಧವಾರ, 30 ಏಪ್ರಿಲ್ 2025, ಧಾರವಾಡ. ಹೊಸ ಮನೆಯಲ್ಲಿ ಮೊದಲ ಹಾಲು. ಅಗಲ ಪಾತ್ರೆಯಲ್ಲಿ ಉಕ್ಕದ ಹಾಲು ಅಜ್ಜಿ (ಅಪ್ಪನ ಸೋದರತ್ತೆ) ಕೊಟ್ಟ ಹಿತ್ತಾಳೆ ತಂಬಿಗೆಯಲ್ಲಿ ಉಕ್ಕಿತು. ಅವರು ಕಲಬುರಗಿಯಿಂದ ಇಡೀ ರಾತ್ರಿ ಬಸ್ಸಿನಲ್ಲಿ ಬಂದವರು, ಚಿತ್ರದ ಎಡತುದಿಯಲ್ಲಿ ಬಾಗಿಲ ಬಳಿ ಇದ್ದಾರೆ. ಒಲೆ ಹೊತ್ತಿಸಿದ್ದು ಅಮ್ಮ. ಪಕ್ಕದಲ್ಲಿ ಪುಣೆಯ ಅಕ್ಕಂದಿರಿಬ್ಬರು, ನವಲಗುಂದದ ಅಜ್ಜಿ (ಮೊಣಕಾಲು ನೋವಿನಲ್ಲೂ ಬಸ್ ಹತ್ತಿ ಬಂದರು), ಎದುರು ಮನೆಯ ವೈನಿ.’

ಉದ್ದ ಆತು ಅಂತೀರೇನು? ಆಗಲಿ. ಸ್ಟೇಟಸ್ ಇಪ್ಪತ್ನಾಕು ತಾಸಿಗೆ ಹೋಗೇ ಬಿಡ್ತದ, ಅಲ್ಲಿ ಬೇಕಾದ್ರ ಎರಡು ಸಾಲು ಹಾಕ್ರಿ. ಈ ಉದ್ದಂದು ಪ್ರಿಂಟ್ ಹಾಕಿಸಿದ ಫೋಟೋದ ಹಿಂದ ಬರಿಯೂದು. ಬಾಲ್ ಪೆನ್ನು ಒತ್ತಿ ಬರದ್ರ ಅಕ್ಷರ ಮುಂದಿನ ಕಡೆ ಉಬ್ಬಿ ಮಾರಿ ಮ್ಯಾಲೆ ಗೀರು ಮೂಡ್ತಾವ. ಈಗಿನ ನುಣುಪು ಕಾಗದದ ಮ್ಯಾಲೆ ಪೆನ್ಸಿಲ್ ಹತ್ತೂದಿಲ್ಲ. ಸಣ್ಣ ತುದಿದು, ಅಳಿಸದ ಮಸಿದು ಮಾರ್ಕರ್ ತಗೊಂಡು ಹಗುರಕ ಬರದು, ಪೂರಾ ಒಣಗಿದ ಮ್ಯಾಲೆ ಆಲ್ಬಮ್ಮಿಗೆ ಹಾಕ್ರಿ. ಇಲ್ಲಾಂದ್ರ ಮಸಿ ಕೆಳಗಿನ ಫೋಟೋಕ್ಕ ಹತ್ತತದ.

ಒಂದು ಪ್ರತಿ ಕಲಬುರಗಿಗೆ ಪೋಸ್ಟಿನಾಗ ಕಳಿಸಿದ್ವಿ. ಅತ್ಯಾನ ಕಡೆಯಿಂದ ಫೋನ್ ಬಂತು. ‘ಸೆರಗಷ್ಟ ಬಿದ್ದದಲ್ಲೇ’ ಅಂತ ನಕ್ಕಳು. ಆಮ್ಯಾಲೆ, ಆ ತಂಬಗಿ ಹುಣಸಿಹಣ್ಣಿನಾಗ ತಿಕ್ಕ್ಯಾರೋ ಇಲ್ಲೋ, ಹಾಲಿನ ಕಲಿ ಹೋಗೇದೋ ಇಲ್ಲೋ ಅಂತ ಹತ್ತು ಮಿನಿಟು ಕೇಳಿದ್ಲು.